ಹುಲಿಗೆ ಸ್ಯಾಂಪಲ್ ಕೇಳಿದ ಕಾಕಾ

ಕೆಲವು ದಿನಗಳ ಹಿಂದೆ ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಕಾಕಾ ಮನೆಯ ವಾಟ್ಸಾಪ್ ಗ್ರೂಪಿಗೆ ಇನ್ನೊಂದು ವಿಡಿಯೋ ಹಾಕಿದ್ದರು. ಹುಲಿಯೊಂದು ಜಿಪ್ಸಿಯ ಪಕ್ಕದಲ್ಲೇ ನಡೆದು ಹೋಗುತ್ತಿದೆ. ಕೆಳಗೆ ಒಂದೇ ಸಾಲು: "ಇಷ್ಟು ಹತ್ರ ಬರ್ತದಂದ್ರ ಬುಕ್ ಮಾಡು. ಇಲ್ಲಂದ್ರ ಬ್ಯಾಡ."

ಇಂಥ ವಿಡಿಯೋಗಳನ್ನು ಮಾಡುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಹುಲಿ ಬಂದ ಅರ್ಧ ನಿಮಿಷ ತೋರಿಸುತ್ತಾರೆ, ಅದಕ್ಕೂ ಮುಂಚೆ ಮೂರು ಗಂಟೆ ಧೂಳು ಕುಡಿದದ್ದನ್ನು ತೋರಿಸುವುದಿಲ್ಲ. ಅದನ್ನು ನೋಡಿದ ಹಿರಿಯರು ಹುಲಿ ಎಂದರೆ ಹುಮನಾಬಾದ್ ಬಸ್ಸು ಅಂದುಕೊಳ್ಳುತ್ತಾರೆ. ನಿಂತರೆ ಬರಲೇಬೇಕು.

ಮನೆಯವರೆಲ್ಲ ಹುಲಿ ಸಫಾರಿಗೆ ಹೋಗುವುದು ತಾಡೋಬಾ ಕಾಡಿಗೆ ಎಂದು ಮೊದಲೇ ಗೊತ್ತಾಗಿತ್ತು. ನಮ್ಮ ರಾಜ್ಯದ ಕಬಿನಿ, ಬಂಡೀಪುರ ಬಿಟ್ಟು ಮಹಾರಾಷ್ಟ್ರಕ್ಕೆ ಯಾಕೆ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಕಲಬುರಗಿಯವರಿಗೆ ಮೈಸೂರು ಕಡೆಯ ಕಾಡೂ ದೂರವೇ ಅಲ್ವಾ? ನಾವು ಸಿಕಂದರಾಬಾದಿಗೆ ಹೋಗಿ, ಬಲ್ಹಾರ್ಷಾ ದಾರಿಯ ರೈಲು ಹತ್ತಿ ಚಂದ್ರಪುರದಲ್ಲಿ ಇಳಿದರೆ ಕಾಡಿನ ಮೊಹರ್ಲಿ ಗೇಟು ಹತ್ತಿರ. ಅಷ್ಟು ಸರಳ. ಸರಳವಲ್ಲದ್ದು ಯಾವಾಗ ಹೋಗಬೇಕು ಎಂಬುದು.

"ಶ್ರಾವಣದಾಗ ಹೋಗೋಣ, ತಂಪ ಇರ್ತದ" ಅಂದರು ಕಾಕಾ. ಜುಲೈನಿಂದ ಸೆಪ್ಟೆಂಬರ್‌ವರೆಗೆ ತಾಡೋಬಾದ ಕೋರ್, ಅಂದರೆ ಒಳಗಿನ ಮುಖ್ಯ ಕಾಡು, ಪ್ರವಾಸಿಗರಿಗೆ ಮುಚ್ಚಿರುತ್ತದೆ ಅಂದೆ. "ಹಂಗಾದ್ರ ದೀಪಾವಳಿ?" ಕಾಡು ತೆರೆದಿರುತ್ತದೆ. ಆದರೆ ಮಳೆ ಆಗಷ್ಟೇ ಮುಗಿದಿರುತ್ತದೆ, ಹುಲ್ಲು ಎದೆಮಟ್ಟ ಬೆಳೆದಿರುತ್ತದೆ, ಹಳ್ಳ ಕೊಳ್ಳ ಎಲ್ಲ ಕಡೆ ನೀರಿರುತ್ತದೆ. ಹುಲಿ ಎಲ್ಲಿ ಬೇಕಾದರೂ ನೀರು ಕುಡಿಯಬಹುದು. ನಿಮ್ಮ ಜಿಪ್ಸಿಯಿಂದ ಹತ್ತು ಮಾರು ದೂರದ ಹುಲ್ಲಿನಲ್ಲಿ ಮಲಗಿದ್ದರೂ ನಿಮಗೆ ಕಾಣುವುದು ಹುಲ್ಲು ಮಾತ್ರ. ಡಿಸೆಂಬರ್, ಜನವರಿಯಲ್ಲಿ ಕಾಡು ಚೆಂದ, ಹಕ್ಕಿಗಳಿಗೂ ಒಳ್ಳೆಯ ಕಾಲ. ಆದರೆ ಬೆಳಗಿನ ತೆರೆದ ಜಿಪ್ಸಿಯಲ್ಲಿ ಹಲ್ಲು ಕಟಕಟ ಅನ್ನುತ್ತವೆ, ಮತ್ತು ಬರೀ ಹುಲಿಯ ಲೆಕ್ಕ ಹಿಡಿದರೆ ಬೇಸಿಗೆಯಷ್ಟು ಒಳ್ಳೆಯದಲ್ಲ.

ಹುಲಿ ನೋಡಲೇಬೇಕಾದರೆ ಏಪ್ರಿಲ್, ಮೇ. ಎಲೆ ಉದುರಿ ಕಾಡು ಬಯಲಾಗಿರುತ್ತದೆ. ಹಳ್ಳಗಳು ಬತ್ತಿ, ಕೆಲವು ಕೆರೆಗಳು ಮತ್ತು ಅರಣ್ಯ ಇಲಾಖೆಯವರು ಸೋಲಾರ್ ಪಂಪಿನಿಂದ ತುಂಬಿಸುವ ನೀರಿನ ಹೊಂಡಗಳಷ್ಟೇ ಉಳಿದಿರುತ್ತವೆ. ಸೆಕೆ ತಾಳಲಾಗದ ಹುಲಿ ಅಲ್ಲಿಗೆ ಬಂದು, ತಿರುಗಿ, ಹಿಂಭಾಗ ಮೊದಲು ನೀರಿಗಿಳಿಸಿ ಕುತ್ತಿಗೆಯವರೆಗೆ ಮುಳುಗಿ ಕೂರುತ್ತದೆ. ಮುಖಕ್ಕೆ ನೀರು ತಾಗುವುದು ಅದಕ್ಕೆ ಸೇರುವುದಿಲ್ಲವಂತೆ. ಹಾಗೆ ಕೂತರೆ ಎಷ್ಟೋ ಹೊತ್ತು ಏಳುವುದಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದೆ. ಕಾಕಾ ಕೇಳಿದ್ದು ಒಂದೇ. "ಚಂದ್ರಪುರದಾಗ ಮೇ ತಿಂಗಳ ಬಿಸಿಲೆಷ್ಟು?"

"ನಲವತ್ತೈದು ದಾಟ್ತದ ಕಾಕಾ."

"ಕಲಬುರಗಿ ಬಿಸಿಲು ಸಾಲಲಿಲ್ಲೇನು? ರೊಕ್ಕಾ ಕೊಟ್ಟು ಇನ್ನೊಂದೂರಿನ ಬಿಸಿಲು ತಿನ್ನಬೇಕೇನು?"

ಈ ಮಾತಿಗೆ ಮನೆಯವರೆಲ್ಲ ತಲೆಯಾಡಿಸಿದರು, ನಾನು ಒಂಟಿಯಾದೆ.

ಕಾಕಾ ಬಗ್ಗೆ ಸ್ವಲ್ಪ ಹೇಳಬೇಕು. ಅವರದು ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಅಡತ್ ಅಂಗಡಿ. ತೊಗರಿಯ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉರುಳಿಸಿ, ಎರಡು ಕಾಳು ಕಡಿದು ರೇಟು ಹೇಳುವುದು ಅವರ ಜನ್ಮದ ಕೆಲಸ. ಮಾಲು ನೋಡದೆ ಅವರು ಯಾವುದಕ್ಕೂ ರೊಕ್ಕ ಬಿಚ್ಚಿದವರಲ್ಲ. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಕೈ ಖಾಲಿ ಇದೆ. ಹಾಗಾಗಿ ಆ ಬುದ್ಧಿಯಷ್ಟೂ ಹುಲಿಯ ಮೇಲೆ ಬಂದು ಬಿದ್ದಿದೆ.

ಮೊಹರ್ಲಿ ಕಡೆಯ ಒಂದು ರೆಸಾರ್ಟಿನ ನಂಬರು ಹುಡುಕಿ ಕೊಟ್ಟಿದ್ದೆ, ರೂಮಿನ ಬಾಡಿಗೆ ಕೇಳಲಿ ಅಂತ. ಕಾಕಾ ಸ್ಪೀಕರ್ ಹಾಕಿ, ಮನೆ ಮಂದಿಯನ್ನೆಲ್ಲ ಸುತ್ತ ಕೂರಿಸಿಕೊಂಡು, ನಮ್ಮ ಕಲಬುರಗಿ ಹಿಂದಿಯಲ್ಲಿ ಶುರು ಮಾಡಿದರು. "ಶೇರ್ ದಿಖತಾ ಕ್ಯಾ?" ಆ ಕಡೆಯ ಮ್ಯಾನೇಜರ್ ಹುಡುಗ ಹುರುಪಿನಿಂದ, "ನೈಂಟಿನೈನ್ ಪರ್ಸೆಂಟ್ ಸರ್" ಅಂದ. ನಾನು ಹಣೆ ಚಚ್ಚಿಕೊಂಡೆ. ಗಂಜಿನ ಮನುಷ್ಯನಿಗೆ ಪರ್ಸೆಂಟ್ ಹೇಳಬಾರದಿತ್ತು.

"ಬಾಕಿ ಏಕ್ ಪರ್ಸೆಂಟ್ ಕಾ ಕ್ಯಾ ಕರತೇ?"

ಹುಡುಗ ನಕ್ಕ. ಕಾಕಾ ನಗಲಿಲ್ಲ. ಹುಲಿ ಬರದಿದ್ದರೆ ರೊಕ್ಕ ವಾಪಸ್ ಕೊಡ್ತೀರಾ ಅಂದರು. ಇಲ್ಲ ಸರ್, ಅದು ಅರಣ್ಯ ಇಲಾಖೆ ಶುಲ್ಕ ಅಂದ. ಪೂರ್ತಿ ಬೇಡ, ಅರ್ಧ? ಇಲ್ಲ ಸರ್. ದೂರದಿಂದ ಬರೀ ಬಾಲ ಕಂಡರೆ ಅದು ಕಂಡಂಗೋ ಕಾಣದಂಗೋ? ಹುಡುಗ ಸುಮ್ಮನಾದ. ಕಾಕಾ ಬಿಡಲಿಲ್ಲ. ಮರಿ ಕಂಡರೆ ಪೂರಾ ಹುಲಿ ಲೆಕ್ಕ ಹಿಡೀತೀರೇನು? ಮಲಗಿದ್ದ ಹುಲಿಗೂ ನಡೆಯೋ ಹುಲಿಗೂ ಒಂದೇ ರೇಟೇನು? ಕೊನೆಗೆ, "ನೈಂಟಿನೈನ್ ಅಂದ್ಯಲ್ಲ, ಅದನ್ನ ನಿಮ್ಮ ಲೆಟರ್‌ಹೆಡ್ ಮೇಲೆ ಬರೆದು ಕಳಸು, ಸ್ಯಾಂಪಲ್‌ಗೆ ಈ ವಾರದ ಫೋಟೋ ಹಚ್ಚು, ತಾರೀಖು ಕಾಣಬೇಕು" ಅಂದರು. ಫೋನು ಕಟ್ಟಾಯಿತು. ನೆಟ್‌ವರ್ಕ್ ಹೋಯಿತು ಎಂದು ಕಾಕಾ ಈಗಲೂ ನಂಬಿದ್ದಾರೆ. ಅದೇ ಹುಡುಗನಿಗೆ ನಾನು ಮತ್ತೆ ಫೋನ್ ಮಾಡಿ ರೂಮು ಕೇಳಬೇಕಾಯಿತು. ದನಿ ಬದಲಿಸಿ ಮಾತಾಡಿದೆ.

ಆದರೆ ಒಂದು ಮಾತು. ಆ ಮ್ಯಾನೇಜರಿಗಿಂತ ಕಾಕಾನೇ ಸರಿಯಾದ ಪ್ರಶ್ನೆ ಕೇಳಿದ್ದು. ಕಾಣದಿರುವ ಪಾಲು ಎಷ್ಟು?

ಅದಕ್ಕೆ ಅವರ ಲೆಕ್ಕದಲ್ಲೇ ಉತ್ತರ ಕೊಟ್ಟೆ. ಒಂದು ಸಲ ಸಫಾರಿಗೆ ಹೋದರೆ ಮೂರರಲ್ಲಿ ಒಬ್ಬರಿಗೆ ಹುಲಿ ಕಾಣುತ್ತದೆ ಅಂತ ಇಟ್ಟುಕೊಳ್ಳಿ. ಇದು ನನ್ನ ಊಹೆ, ಲೆಕ್ಕ ತಿಳಿಯಲಿ ಅಂತ ಅಷ್ಟೇ. 81 ಮನೆಯವರು ಹೊರಟರು. ಮೊದಲ ಸುತ್ತಿನಲ್ಲಿ 27 ಮನೆಗೆ ಕಂಡಿತು, 54 ಉಳಿಯಿತು. ಎರಡನೆಯದರಲ್ಲಿ ಉಳಿದದ್ದು 36. ಮೂರನೆಯದರಲ್ಲಿ 24. ನಾಲ್ಕು ಸುತ್ತು ಮುಗಿದಾಗಲೂ 16 ಮನೆಯವರು ಬರೀ ಜಿಂಕೆ ನೋಡಿ ವಾಪಸ್. ಒಂದೇ ಸುತ್ತಿಗೆ ಹೋಗಿ ಬಂದು ಹುಲಿನೇ ಇಲ್ಲ ಅನ್ನುವವರು ಈ ಲೆಕ್ಕ ನೋಡಬೇಕು. ಎರಡು ಸುತ್ತಿಗೂ ಅರ್ಧಕ್ಕರ್ಧದ ಹತ್ತಿರ ಜನ ಬರಿಗೈಯಲ್ಲಿ ಬರುತ್ತಾರೆ. ನಾಲ್ಕರ ಮೇಲೆ ಪ್ರತಿ ಸುತ್ತಿಗೆ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ, ಬೆನ್ನುನೋವು ಮಾತ್ರ ಜಾಸ್ತಿಯಾಗುತ್ತದೆ.

ಕಾಕಾ ಚೀಟಿಯ ಹಿಂದೆ ಬರೆದುಕೊಂಡು ತಾಳೆ ನೋಡಿದರು. ಲೆಕ್ಕ ಸರಿ ಇತ್ತು. "ಆ ಹದಿನಾರು ಮನ್ಯಾಗ ನಾವ್ಯಾಕ ಇರಬೇಕು?" ಅಂದರು.

ಇದರಲ್ಲಿ ಇನ್ನೊಂದು ತಕರಾರಿದೆ. ಈ ಲೆಕ್ಕ ಪ್ರತಿ ಸುತ್ತೂ ಬೇರೆ ಬೇರೆ ಅಂತ ಹಿಡಿಯುತ್ತದೆ. ಕಾಡಿನಲ್ಲಿ ಹಾಗಿಲ್ಲ. ಆ ಕಡೆಯ ಹೆಣ್ಣುಹುಲಿ ಆ ವಾರ ದೂರ ಸರಿದಿದ್ದರೆ ಒಂದೇ ಗೇಟಿನ ನಾಲ್ಕೂ ಸುತ್ತು ಖಾಲಿ ಹೋಗಬಹುದು. ಮರಿಗಳ ಜೊತೆ ಒಂದೇ ಹೊಂಡದ ಬಳಿ ಬೀಡುಬಿಟ್ಟಿದ್ದರೆ ನಾಲ್ಕರಲ್ಲೂ ಕಾಣಬಹುದು. ಅದಕ್ಕೇ ನಾಲ್ಕನ್ನೂ ಒಂದೇ ಕಡೆ ಹಾಕಬಾರದು. ನಮ್ಮ ಪ್ಲಾನು ಹೀಗೆ: ಬುಧವಾರ ಮಧ್ಯಾಹ್ನ ಮೊಹರ್ಲಿ ಕೋರ್, ಗುರುವಾರ ಬೆಳಿಗ್ಗೆ ಮತ್ತೆ ಅದೇ, ಗುರುವಾರ ಮಧ್ಯಾಹ್ನ ಪಕ್ಕದ ಅಗರಜರಿ ಬಫರ್, ಶುಕ್ರವಾರ ಬೆಳಿಗ್ಗೆ ಕೊನೆಯದು ಕೋರ್. ಬಫರ್ ಎಂದರೆ ಹೊರ ಅಂಚಿನ ಕಾಡು. ಹುಲಿಗೆ ಗೇಟು ಗೊತ್ತಿಲ್ಲ, ಅಲ್ಲೂ ಓಡಾಡುತ್ತದೆ. ಮಂಗಳವಾರ ಕೋರ್‌ಗೆ ರಜೆ, ಶನಿವಾರ ಭಾನುವಾರ ಶುಲ್ಕವೂ ಜಾಸ್ತಿ ನೂಕುನುಗ್ಗಲೂ ಜಾಸ್ತಿ. ಕಾಕಾ ಹಿಡಿದ ಹಟದಂತೆ ಸೋಮವಾರ ಮುಟ್ಟಿದ್ದರೆ ಮಾರನೇ ದಿನ ರೂಮಿನಲ್ಲಿ ಫ್ಯಾನು ನೋಡುತ್ತಾ ಕೂರಬೇಕಿತ್ತು.

ಒಳಗೆ ಹೋದ ಮೇಲೆ ಏನು ಮಾಡಬೇಕು ಎನ್ನುವುದಕ್ಕೂ ಜಗಳವಾಯಿತು. ಕಾಕಾಗೆ ಜಿಪ್ಸಿ ಓಡುತ್ತಲೇ ಇರಬೇಕು, ಕಿಲೋಮೀಟರಿಗೆ ರೊಕ್ಕ ಕೊಟ್ಟಂತೆ. ಬೇಸಿಗೆಯಲ್ಲಿ ಒಳ್ಳೆಯ ಗೈಡ್ ಹೊಂಡದ ಬಳಿ ಇಂಜಿನ್ ಆರಿಸಿ ಕೂರುತ್ತಾನೆ, ಕಿವಿ ಕೊಡುತ್ತಾನೆ. ಜಿಂಕೆ ಕೂಗಿದರೆ ಅಷ್ಟು ನಂಬುವಂತಿಲ್ಲ, ಅದು ಸುಮ್ಮಸುಮ್ಮನೆಯೂ ಬೆದರುತ್ತದೆ. ಕಡವೆ ಬಿಟ್ಟು ಬಿಟ್ಟು ಒಂದೇ ಸಮ ಕೂಗಿದರೆ, ಮರದ ಮೇಲಿನ ಮುಸುವಗಳೂ ದನಿಗೂಡಿಸಿದರೆ, ಹತ್ತಿರದಲ್ಲಿ ಏನೋ ಇದೆ. ಆಮೇಲೂ ಅದು ಪೊದೆಯಿಂದ ಹೊರಗೆ ಬರದೆ ಹೋಗಬಹುದು. ಗೇಟು ಮುಚ್ಚುವ ಹೊತ್ತಿಗೆ ಜಿಪ್ಸಿ ಹೊರಗಿರಲೇಬೇಕು, ಆಗ ಹುಲಿ ಎದ್ದರೂ ಸರಿ.

ಹುಲಿ ಸಾಕಾಗಲಿಲ್ಲ, ಚಿರತೆಯೂ ಬೇಕಂತೆ. ಚಿರತೆ ಅಲ್ಲಿದೆ, ಆದರೆ ಹುಲಿ ಓಡಾಡುವ ಕಡೆ ಅದು ತಲೆತಪ್ಪಿಸಿಕೊಂಡೇ ಬದುಕುವುದು. ಕಂಡರೆ ಲಾಭ ಅನ್ನಿ, ಲೆಕ್ಕಕ್ಕೆ ಹಿಡಿಯಬೇಡಿ ಅಂದೆ. "ಸಿಂಹ?" ಸಿಂಹಕ್ಕೆ ಗುಜರಾತಿನ ಗಿರ್‌ಗೇ ಹೋಗಬೇಕು ಕಾಕಾ.

ಇಷ್ಟೆಲ್ಲ ನಡೆಯುವಾಗ ಕಾಕಾನ ಹೆಂಡತಿ ಕಾಕು ಒಂದು ಮಾತೂ ಆಡಿರಲಿಲ್ಲ. ಹುಲಿ ಕಾಣದಿದ್ದರೆ ಬೇಜಾರಾಗುತ್ತಾ ಕಾಕು ಅಂತ ನಾನೇ ಕೇಳಿದೆ. ತೊಗರಿ ಸೀಜನ್ ಬಂದರೆ ಅವರ ಮನೆಯಲ್ಲಿ ನಸುಕಿನಿಂದಲೇ ಚಹಾದ ಒಲೆ ಆರುತ್ತಿರಲಿಲ್ಲ. ಹಮಾಲರಿಗೆ, ರೈತರಿಗೆ, ಮುನೀಮರಿಗೆ. ದೂರದ ಊರು ಅಂತ ಅವರು ನೋಡಿದ್ದು ತುಳಜಾಪುರ, ಪಂಢರಪುರ. "ನಸುಕಿನ್ಯಾಗ ಅಲ್ಲಿ ಚಾ ಅವರೇ ಮಾಡಿ ಕೊಡ್ತಾರಲ್ಲೋ?" ಅಂದರು. ಹೌದು ಅಂದೆ. "ಹಂಗಾದ್ರ ಜಿಂಕಿ ಕಂಡರೂ ಸಾಕು." ಕಾಕಾ ಕೂಡ ಸ್ವಲ್ಪ ಹೊತ್ತು ಚೀಟಿ ಕೆಳಗಿಟ್ಟರು.

ಆ ಸಮಯ ನೋಡಿ ಬುಕ್ ಮಾಡಿಬಿಟ್ಟೆ. ಮೇ ತಿಂಗಳ ಕೋರ್ ಸೀಟು ತಿಂಗಳುಗಟ್ಟಲೆ ಮುಂಚೆ ಖಾಲಿಯಾಗುತ್ತದೆ, ಗುರುತಿನ ಚೀಟಿಯ ಮೂಲ ಪ್ರತಿಯನ್ನು ಗೇಟಿನಲ್ಲಿ ತೋರಿಸಬೇಕು. ಒಂದು ಜಿಪ್ಸಿಗೆ ಆರು ಜನ. ನಾವೂ ಆರೇ ಜನ, ಅಲ್ಲಿಗೆ ಸರಿಹೋಯಿತು.

ಕೊನೆಗೆ ಉಳಿದ ಸಂಗತಿ ಹೇಳಿದೆ. ಕೋರ್ ಒಳಗೆ ಮೊಬೈಲ್ ಬಿಡುವುದಿಲ್ಲ.

"ಮತ್ತ ಹುಲಿ ಕಂಡದ್ದು ಗಂಜಿನವರಿಗೆ ಹೆಂಗ ನಂಬಸೂದು?"

ಕ್ಯಾಮೆರಾ ಒಯ್ಯಬಹುದು ಕಾಕಾ, ಶುಲ್ಕ ಕೇಳಿದರೆ ಕಟ್ಟಿದರಾಯಿತು ಅಂದೆ. ಇವತ್ತು ಬೆಳಿಗ್ಗೆಯಿಂದ ಸೂಪರ್ ಮಾರ್ಕೆಟ್ ಕಡೆ ಬಾಡಿಗೆ ಕ್ಯಾಮೆರಾ ವಿಚಾರಿಸುತ್ತಿದ್ದಾರೆ. ಅಂಗಡಿಯವನು ಈಗಷ್ಟೇ ನನಗೆ ಫೋನ್ ಮಾಡಿದ್ದ. ಹುಲಿ ಕಾಣದಿದ್ದರೆ ಲೆನ್ಸಿನ ಬಾಡಿಗೆ ಬಿಡಬೇಕಂತೆ, ಹೌದಾ ಸರ್ ಅಂತ.