ಕಾರಿನ ಪೋರ್ಟ್ ಎಷ್ಟು ವ್ಯಾಟ್ ಎಂದು ಬರೆಯಲು ಏನು ಕಷ್ಟ?

ಹೊಸ ಕಾರು ತೋರಿಸುವಾಗ ಶೋರೂಮಿನವರು ಯುಎಸ್‌ಬಿ ಪೋರ್ಟ್ ಎಷ್ಟಿವೆ ಎಂದು ಹೇಳುತ್ತಾರೆ. ಒಂದೊಂದು ಪೋರ್ಟ್ ಎಷ್ಟು ವ್ಯಾಟ್ ಕೊಡುತ್ತದೆ ಎಂದು ಮಾತ್ರ ಹೇಳುವುದಿಲ್ಲ. ಬಳ್ಳಾರಿಯಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ನನಗೆ ಇದರ ಬಗ್ಗೆ ನಿಜವಾಗಿಯೂ ಸಿಟ್ಟಿದೆ. ಆ ಒಂದು ಅಂಕಿ ತಿಳಿಯದೆ ಜನ ಚೆನ್ನಾಗಿರುವ ಮೊಬೈಲಿನ ಬ್ಯಾಟರಿ ಬದಲಾಯಿಸುತ್ತಿದ್ದಾರೆ, ಕೇಬಲ್ ಮೇಲೆ ಕೇಬಲ್ ಕೊಳ್ಳುತ್ತಿದ್ದಾರೆ.

ಸಿರುಗುಪ್ಪ ಕಡೆಯ ಟ್ಯಾಕ್ಸಿ ಚಾಲಕರೊಬ್ಬರ ವಿಷಯವನ್ನೇ ಹೇಳುತ್ತೇನೆ. ಬಳ್ಳಾರಿಯಿಂದ ಸಿಂಧನೂರು, ಮಾನ್ವಿ ಮೇಲೆ ರಾಯಚೂರಿಗೆ ಬಾಡಿಗೆ ಹೋಗುವವರು. ದಾರಿಯುದ್ದಕ್ಕೂ ಮೊಬೈಲಿನಲ್ಲಿ ಮ್ಯಾಪ್ ತೆರೆದೇ ಇರುತ್ತದೆ, ಕೇಬಲ್ ಕಾರಿನ ಪೋರ್ಟಿಗೆ ಚುಚ್ಚಿಯೇ ಇರುತ್ತದೆ. ಆದರೂ ಹೊರಡುವಾಗ ಶೇಕಡಾ 60 ಇದ್ದ ಚಾರ್ಜ್ ರಾಯಚೂರು ಮುಟ್ಟುವ ಹೊತ್ತಿಗೆ 50ಕ್ಕಿಂತ ಕೆಳಗೆ ಇಳಿದಿರುತ್ತಿತ್ತು. "ಅಣ್ಣಾ, ಮೊಬೈಲ್ ಅಂಗಡಿಯವರು ಬ್ಯಾಟರಿ ಹೋಗಿದೆ ಎನ್ನುತ್ತಾರೆ, ನೀವು ಒಮ್ಮೆ ಕಾರು ನೋಡಿಬಿಡಿ" ಎಂದರು. ಪೋರ್ಟಿಗೂ ಕೇಬಲಿಗೂ ನಡುವೆ ಯುಎಸ್‌ಬಿ ಮೀಟರ್ ಹಾಕಿ ನೋಡಿದೆ: 5.1 ವೋಲ್ಟ್, 0.47 ಆಂಪಿಯರ್. ಎರಡನ್ನೂ ಗುಣಿಸಿದರೆ ಸುಮಾರು 2.4 ವ್ಯಾಟ್. ಮೊಬೈಲೂ ಸರಿಯಿತ್ತು, ಕಾರೂ ಸರಿಯಿತ್ತು.

ಲೆಕ್ಕ ಸರಳವಾಗಿದೆ. ಬಿಸಿಲಿನಲ್ಲಿ ಕಾಣಿಸಲೆಂದು ಪರದೆಯ ಬೆಳಕನ್ನು ಪೂರ್ತಿ ಏರಿಸಿ, ಜಿಪಿಎಸ್ ಮತ್ತು ಡೇಟಾ ಎರಡನ್ನೂ ಬಳಸುತ್ತ ಮ್ಯಾಪ್ ಓಡಿಸಿದರೆ ಮೊಬೈಲ್ ಸುಮಾರು 3 ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಒಳಗೆ ಬರುವುದು 2.4. ಗಂಟೆಗೆ 0.6 ವ್ಯಾಟ್‌ಅವರ್ ಕೊರತೆ, ನಾಲ್ಕು ಗಂಟೆಗೆ 2.4. ಇಂದಿನ 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಸುವುದು ಹೆಚ್ಚುಕಡಿಮೆ 19 ವ್ಯಾಟ್‌ಅವರ್. ಅಂದರೆ ಶೇಕಡಾ 12ರಿಂದ 13ರಷ್ಟು ಇಳಿಕೆ. ಅವರು ಹೇಳಿದ್ದಕ್ಕೆ ಇದು ಸರಿಹೊಂದುತ್ತದೆ.

ಹಾಗಾದರೆ ಪೋರ್ಟ್ ಇಷ್ಟು ಕಡಿಮೆ ಏಕೆ ಕೊಡುತ್ತದೆ? ಗೇರ್ ಮುಂದೆ ಇರುವ ಆ ಪೋರ್ಟ್ ಮೂಲದಲ್ಲಿ ಚಾರ್ಜಿಂಗಿಗಾಗಿ ಇಟ್ಟದ್ದಲ್ಲ. ಅದು ಡ್ಯಾಶ್‌ಬೋರ್ಡಿನ ಮ್ಯೂಸಿಕ್ ಸಿಸ್ಟಮ್‌ಗೆ ಸೇರಿದ ಡೇಟಾ ಪೋರ್ಟ್. ಪೆನ್‌ಡ್ರೈವ್‌ನ ಹಾಡು ಓದಲು, ಆಂಡ್ರಾಯ್ಡ್ ಆಟೋ ನಡೆಸಲು ಇಟ್ಟದ್ದು. ಯುಎಸ್‌ಬಿ 2.0 ನಿಯಮದ ಪ್ರಕಾರ ಇಂತಹ ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್ ಕೊಟ್ಟರೆ ಸಾಕು, ಅಂದರೆ 2.5 ವ್ಯಾಟ್. ಮೊಬೈಲ್ ಕೂಡ ಈ ಮಿತಿಯನ್ನು ಗೌರವಿಸುತ್ತದೆ. ಕೇಬಲಿನೊಳಗೆ ಕರೆಂಟಿನ ಎರಡು ತಂತಿಗಳಲ್ಲದೆ ಮಾಹಿತಿಯ ಎರಡು ತಂತಿಗಳೂ ಇರುತ್ತವೆ. ಬರೀ ಚಾರ್ಜರ್ ಆಗಿದ್ದರೆ ಆ ಎರಡು ತಂತಿಗಳನ್ನು ಚಾರ್ಜರಿನೊಳಗೇ ಒಂದಕ್ಕೊಂದು ಕೂಡಿಸಿರುತ್ತಾರೆ. ಮೊಬೈಲ್ ಅದನ್ನು ಗುರುತಿಸಿ 1.5 ಆಂಪಿಯರ್‌ವರೆಗೆ ಎಳೆಯಲು ಧೈರ್ಯ ಮಾಡುತ್ತದೆ. ಆ ತಂತಿಗಳಲ್ಲಿ ಮಾಹಿತಿ ಓಡಾಡುತ್ತಿದ್ದರೆ ಎದುರಿಗಿರುವುದು ಕಂಪ್ಯೂಟರ್ ಎಂದು ತಿಳಿದು ಅರ್ಧ ಆಂಪಿಯರ್‌ಗೇ ನಿಲ್ಲುತ್ತದೆ. ಡೇಟಾ ಕೊಡುತ್ತಲೇ 1.5 ಆಂಪಿಯರ್ ಕೊಡುವ ಪೋರ್ಟ್‌ಗಳೂ ಇವೆ, ಈಚಿನ ಹಲವು ಕಾರುಗಳಲ್ಲಿ ಟೈಪ್ ಸಿ ವೇಗದ ಪೋರ್ಟ್ ಕೂಡ ಬಂದಿದೆ. ಆದರೆ ಹೊರಗಿನಿಂದ ನೋಡಿದರೆ ಯಾವುದು ಎಂಥದ್ದು ಎಂದು ಹೇಳುವುದು ಕಷ್ಟ. ಹಿಂದಿನ ಸೀಟಿನವರಿಗೆ ಕೊಟ್ಟ ಪೋರ್ಟ್ ಎಷ್ಟೋ ಕಾರುಗಳಲ್ಲಿ ಬರೀ ಚಾರ್ಜಿಂಗಿನದಾಗಿರುವುದರಿಂದ ಮುಂದಿನದಕ್ಕಿಂತ ಬೇಗ ತುಂಬಿಸುತ್ತದೆ!

ಆಂಡ್ರಾಯ್ಡ್ ಆಟೋ ಬಂದ್ ಮಾಡಿದರೆ ಚಾರ್ಜ್ ಬೇಗ ಏರುತ್ತದೆ ಎಂದು ಕೆಲವರು ನಂಬಿದ್ದಾರೆ. ಪೋರ್ಟಿನ ಮಿತಿ ಅದರಿಂದ ಬದಲಾಗುವುದಿಲ್ಲ. ಮ್ಯಾಪ್ ಕಾರಿನ ಪರದೆಯ ಮೇಲೆ ಬಂದಾಗ ಮೊಬೈಲಿನ ಪರದೆ ಆರಿರುವುದರಿಂದ ಖರ್ಚೇ ಕಡಿಮೆಯಾಗಿ ಚಾರ್ಜ್ ನಿಂತ ಕಡೆ ನಿಲ್ಲಬಹುದು, ಅಷ್ಟೇ.

ಈಗ ಸಿಗರೇಟ್ ಲೈಟರ್ ಸಾಕೆಟ್‌ಗೆ ಬನ್ನಿ. ಕಾರಿನ 12 ವೋಲ್ಟ್ ಅಲ್ಲಿ ನೇರವಾಗಿ ಸಿಗುತ್ತದೆ. ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್ ಫ್ಯೂಸ್ ಇರುತ್ತದೆ, ಅಂದರೆ 100 ವ್ಯಾಟ್‌ಗೂ ಮೀರಿದ ಶಕ್ತಿ. ತುಂಗಭದ್ರಾ ಎಡದಂಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಾಲೆಯಲ್ಲಿ ನೀರು ಎಷ್ಟೇ ಇರಲಿ, ಗದ್ದೆಗೆ ಬರುವುದು ತೂಬಿನ ಅಳತೆಯಷ್ಟೇ. ಸಾಕೆಟ್‌ಗೆ ಹಾಕುವ ಅಡಾಪ್ಟರ್ ದೊಡ್ಡ ತೂಬು. ಅದರೊಳಗಿನ ಸರ್ಕ್ಯೂಟ್ 12 ವೋಲ್ಟ್ ಅನ್ನು ಇಳಿಸಿ ಕೊಡುತ್ತದೆ, ಜೊತೆಗೆ ಮೊಬೈಲಿನೊಂದಿಗೆ ಮಾತುಕತೆಯನ್ನೂ ನಡೆಸುತ್ತದೆ. ಪವರ್ ಡೆಲಿವರಿ ಅಥವಾ ಕ್ವಿಕ್ ಚಾರ್ಜ್ ಎಂಬ ಪದ್ಧತಿಯಲ್ಲಿ ಮೊಬೈಲ್ "9 ವೋಲ್ಟ್ ಕೊಡು" ಎಂದು ಕೇಳಿದರೆ ಅಡಾಪ್ಟರ್ 5ರಿಂದ 9ಕ್ಕೆ ಏರುತ್ತದೆ. ತೆಳು ಕೇಬಲಿನಲ್ಲಿ ಹೆಚ್ಚು ಆಂಪಿಯರ್ ಓಡಿಸಿದರೆ ತಂತಿ ಬಿಸಿಯಾಗಿ ಶಕ್ತಿ ಸೋರುತ್ತದೆ. ವೋಲ್ಟ್ ಏರಿಸಿದರೆ ಅದೇ 2 ಆಂಪಿಯರ್‌ನಲ್ಲಿ 10 ವ್ಯಾಟ್ ಬದಲು 18 ವ್ಯಾಟ್ ಸಾಗುತ್ತದೆ.

ಆ ಚಾಲಕರ ಅದೇ ಮೊಬೈಲನ್ನು ಅಂಗಡಿಯಲ್ಲಿದ್ದ 20 ವ್ಯಾಟಿನ ಅಡಾಪ್ಟರ್‌ಗೆ ಹಾಕಿದೆ. ಮೀಟರ್ 9 ವೋಲ್ಟ್, 1.7 ಆಂಪಿಯರ್ ತೋರಿಸಿತು, ಅಂದರೆ 15 ವ್ಯಾಟ್‌ಗೂ ಮೇಲೆ. ಮ್ಯಾಪಿನ 3 ವ್ಯಾಟ್ ಕಳೆದರೂ 12 ಉಳಿಯುತ್ತದೆ. ಶೇಕಡಾ 20ರಿಂದ 80ಕ್ಕೆ ಏರಲು ಬೇಕಾಗುವುದು ಸುಮಾರು 11.4 ವ್ಯಾಟ್‌ಅವರ್, ಅಂದರೆ ಬಿಸಿಯಲ್ಲಿ ಸ್ವಲ್ಪ ಪೋಲಾಗುವುದನ್ನು ಸೇರಿಸಿದರೂ ಒಂದು ಗಂಟೆಗೆ ತುಸು ಹೆಚ್ಚು. ಬ್ಯಾಟರಿ ಬದಲಾಯಿಸುವ ಹಣ ಅವರಿಗೆ ಉಳಿಯಿತು.

ನಿಮ್ಮ ಬಳಿ ಮೀಟರ್ ಇಲ್ಲದಿದ್ದರೂ ಗೊತ್ತಾಗುತ್ತದೆ. ಕೇಬಲ್ ಹಾಕಿದಾಗ ಲಾಕ್ ಪರದೆಯಲ್ಲಿ Charging slowly ಎಂದು ಬಂದರೆ ನೀವು ಸಣ್ಣ ತೂಬಿನಲ್ಲಿದ್ದೀರಿ. ಅಡಾಪ್ಟರಿನಲ್ಲೂ ಅದೇ ಬಂದರೆ ಮೊದಲು ಕೇಬಲ್ ಬದಲಿಸಿ ನೋಡಿ. ಅದಾದ ಮೇಲೂ ಹಾಗೇ ಇದ್ದರೆ ಅಡಾಪ್ಟರ್ ಮತ್ತು ಮೊಬೈಲ್ ಒಂದೇ ಪದ್ಧತಿಯವಲ್ಲದಿರಬಹುದು. ಡಬ್ಬಿಯ ಮೇಲೆ 65 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ನಿಮ್ಮ ಮೊಬೈಲಿಗೆ ಅದರ ಕಂಪನಿಯದೇ ಬೇರೆ ಪದ್ಧತಿ ಇದ್ದರೆ ಸಿಗುವುದು 10 ಅಥವಾ 18 ವ್ಯಾಟ್ ಇರಬಹುದು.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ತೊಡಕಿದೆ, ಬೇಸಿಗೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಗಾಜಿನ ಹಿಂದೆ ಡ್ಯಾಶ್‌ಬೋರ್ಡ್ ಮೇಲೆ ಕೂತ ಮೊಬೈಲ್ ಕಾದು, ತನ್ನ ಬ್ಯಾಟರಿಯನ್ನು ಉಳಿಸಿಕೊಳ್ಳಲು ಚಾರ್ಜಿಂಗನ್ನು ತಾನೇ ತಗ್ಗಿಸುತ್ತದೆ. ಮೊದಲ ಕೆಲವು ನಿಮಿಷ ಬೇಗ ಏರಿ ಆಮೇಲೆ ತೆವಳತೊಡಗಿದರೆ ಕಾರಣ ಬಹುತೇಕ ಇದೇ. ಅಡಾಪ್ಟರ್ ಎಷ್ಟೇ ದೊಡ್ಡದಿರಲಿ, ಕಾದ ಮೊಬೈಲ್ ಒಪ್ಪಿಕೊಳ್ಳುವುದಿಲ್ಲ. ಎಸಿ ಗಾಳಿ ಬರುವ ಕಿಂಡಿಯ ಮುಂದೆ ಸ್ಟ್ಯಾಂಡ್ ಹಾಕಿದರೆ ದೊಡ್ಡ ವ್ಯತ್ಯಾಸವಾಗುತ್ತದೆ.

ಕಂಪನಿಗಳ ಕಷ್ಟವೂ ನನಗೆ ಅರ್ಥವಾಗುತ್ತದೆ. ಕಾರಿನ ವಿನ್ಯಾಸ ಮಾರುಕಟ್ಟೆಗೆ ಬರುವ ವರ್ಷಗಳ ಮೊದಲೇ ನಿಶ್ಚಯವಾಗಿರುತ್ತದೆ, ಮೊಬೈಲುಗಳು ಅಷ್ಟರಲ್ಲಿ ಮುಂದೆ ಹೋಗಿರುತ್ತವೆ. ಮ್ಯೂಸಿಕ್ ಸಿಸ್ಟಮ್ ಒಳಗೆ ಹೆಚ್ಚು ವ್ಯಾಟ್ ತುಂಬಿದರೆ ಅಲ್ಲಿನ ಬಿಸಿಯನ್ನು ಹೊರಹಾಕುವುದೂ ಸುಲಭವಲ್ಲ. ಆದ್ದರಿಂದ 2.5 ವ್ಯಾಟ್ ಕೊಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ಪೋರ್ಟಿನ ಪಕ್ಕದಲ್ಲೂ ಬ್ರೋಷರಿನಲ್ಲೂ ಬರೆಯದಿರುವುದು ತಪ್ಪು. ಹತ್ತು ಲಕ್ಷ ಕೊಟ್ಟು ಕಾರು ಕೊಳ್ಳುವವರು ಬುಕ್ಕಿಂಗ್ ಮಾಡುವ ಮುನ್ನ ಇದನ್ನು ಕೇಳಿ, ಶೋರೂಮಿನವರಿಗೆ ಗೊತ್ತಿಲ್ಲದಿದ್ದರೆ ನಿಮ್ಮ ಮೊಬೈಲನ್ನೇ ಅಲ್ಲಿನ ಕಾರಿಗೆ ಹಾಕಿ ಪರದೆ ಏನು ಹೇಳುತ್ತದೆ ನೋಡಿ.