ಬಿಳಿ ಅಕ್ಷರದ ಕೀವರ್ಡ್: ಸತ್ಯಾಂಶ

"ರೆಸ್ಯೂಮೆಯಲ್ಲಿ ಕೀವರ್ಡ್‌ಗಳನ್ನು ಬಿಳಿ ಬಣ್ಣದಲ್ಲಿ ಬಚ್ಚಿಡಿ, ಲಿಂಕ್ಡ್‌ಇನ್ ಹೆಡ್‌ಲೈನ್‌ನಲ್ಲೂ ತುಂಬಿಸಿ, ಇಂಟರ್‌ವ್ಯೂ ಗ್ಯಾರಂಟಿ."

ಇದು ತಪ್ಪು. ಅರ್ಜಿ ಓದುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಬಣ್ಣ ನೋಡುವುದಿಲ್ಲ, ಫೈಲಿನಿಂದ ಬರೀ ಅಕ್ಷರ ಎತ್ತಿಕೊಳ್ಳುತ್ತದೆ, ಹಾಗಾಗಿ ನೀವು ಬಚ್ಚಿಟ್ಟದ್ದು ಎಚ್‌ಆರ್ ಪರದೆಯ ಮೇಲೆ ಕಪ್ಪಾಗಿಯೇ ಕಾಣಬಹುದು. ಮಾಡದ ಕೆಲಸದ ಹೆಸರು ಅಲ್ಲಿದ್ದರೆ ಮೊದಲ ಪ್ರಶ್ನೆಯೇ ಅದಾಗುತ್ತದೆ, ಅಲ್ವಾ?

ನೀವೇ ಪರೀಕ್ಷಿಸಿ. ಪಿಡಿಎಫ್ ತೆರೆದು `Ctrl+A`, `Ctrl+C` ಒತ್ತಿ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಬಚ್ಚಿಟ್ಟದ್ದೆಲ್ಲ ಹೊರಗೆ ಬರುತ್ತದೆ. ಎರಡು ಕಾಲಂ ಇರುವ ಚೆಂದದ ಡಿಸೈನ್ ಆಗಿದ್ದರೆ ಕೆಲವೊಮ್ಮೆ ಸಾಲುಗಳೂ ಕಲಸಿಹೋಗಿರುತ್ತವೆ (ನಿಜವಾಗಿ ಸರಿಮಾಡಬೇಕಾದ್ದು ಅದು).

ಹೆಡ್‌ಲೈನ್ ವಿಷಯಕ್ಕೆ ಬಂದರೆ, ಲಿಂಕ್ಡ್‌ಇನ್ 220 ಅಕ್ಷರ ಕೊಟ್ಟರೂ ಮೊಬೈಲ್ ಹುಡುಕಾಟದಲ್ಲಿ ಕಾಣುವುದು ಆರಂಭದ ಭಾಗ ಮಾತ್ರ. "ಹಾರ್ಡ್‌ವರ್ಕಿಂಗ್ | ಟೀಮ್ ಪ್ಲೇಯರ್ | ಟ್ಯಾಲಿ | ಎಕ್ಸೆಲ್ | ಅಕೌಂಟೆಂಟ್" ಅಂತಿದ್ದರೆ ಕೆಲಸದ ಹೆಸರೇ ಕತ್ತರಿಸಿ ಹೋಗಬಹುದು. ಅದರ ಬದಲು "ಅಕೌಂಟೆಂಟ್, ಸಗಟು ಬಟ್ಟೆ ವ್ಯಾಪಾರದಲ್ಲಿ 4 ವರ್ಷ: ಟ್ಯಾಲಿ, ಜಿಎಸ್‌ಟಿ ರಿಟರ್ನ್" ಅಂತ ಬರೆದರೆ ಕೀವರ್ಡೂ ಬಂತು, ಓದುವವರಿಗೆ ಕೇಳಲು ವಿಷಯವೂ ಸಿಕ್ಕಿತು. ರೆಸ್ಯೂಮೆಯ ತಲೆಯಲ್ಲೂ ಇದೇ ಸಾಲು, ಇದೇ ವರ್ಷದ ಲೆಕ್ಕ ಇರಲಿ. ಒಂದು ಕಡೆ 4, ಇನ್ನೊಂದು ಕಡೆ 5 ಇದ್ದರೆ ಸುಮ್ನೆ ಅನುಮಾನ.