ವಿಷಯ: ನಲ್ಲಿಯಲ್ಲಿ ಡಿಕಾಕ್ಷನ್ ಬರುತ್ತಿರುವ ಬಗ್ಗೆ

ಇವರಿಗೆ,
ಇಂಜಿನಿಯರ್ ಸಾಹೇಬರು,
ನೀರು ಸರಬರಾಜು ಕಚೇರಿ.
(ಮೇಜಿನ ಮೇಲೆ ಅಂಗಡಿಯಿಂದ ತಂದ ನೀರಿನ ಬಾಟಲಿ ಇಟ್ಟುಕೊಂಡವರು. ಟಪಾಲಿನವರಿಗೆ ಗುರುತು ತಪ್ಪಬಾರದು ಅಂತ ಬರೆದೆ.)

ವಿಷಯ: ಮೂರನೇ ಅಡ್ಡರಸ್ತೆಗೆ ಹೊತ್ತಲ್ಲದ ಹೊತ್ತಿನಲ್ಲಿ ಬಣ್ಣಬಣ್ಣದ ನೀರು ಬರುತ್ತಿರುವ ಬಗ್ಗೆ.

ಉಲ್ಲೇಖ: ನನ್ನ ಹಿಂದಿನ ನಾಲ್ಕು ಅರ್ಜಿಗಳು. ಹಾಗೂ ನಾಲ್ಕಕ್ಕೂ ಸೇರಿ ಬಂದ "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂಬ ಒಂದೇ ಮೆಸೇಜು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ತಮ್ಮ ಕಚೇರಿಯಿಂದ ಟೈಮಿಗೆ ಸರಿಯಾಗಿ ಬರುವುದು ಆ ಮೆಸೇಜೊಂದೇ. ಸಂಜೆ 5ಕ್ಕೆ ಟಣ್ ಅಂತ ಬರುತ್ತದೆ. ವಾಲ್ವ್ ತಿರುಗಿಸುವ ಕೆಲಸವನ್ನೂ ಮೆಸೇಜು ಕಳಿಸುವವರಿಗೇ ವಹಿಸಿದರೆ ಅರ್ಧ ತೊಂದರೆ ಇವತ್ತೇ ಮುಗಿಯುತ್ತದೆ.

ನೀರಿನ ಹೊತ್ತಿನ ಬಗ್ಗೆ ಮೊದಲು ಹೇಳುತ್ತೇನೆ. ತಮ್ಮ ನೋಟಿಸ್ ಬೋರ್ಡಿನ ಪ್ರಕಾರ ನಮಗೆ ದಿನ ಬಿಟ್ಟು ದಿನ ಬೆಳಿಗ್ಗೆ 6ರಿಂದ 7ರವರೆಗೆ ನೀರು. ಕಳೆದ ವಾರ ಬಂದದ್ದು ಸೋಮವಾರ ರಾತ್ರಿ 2.40ಕ್ಕೆ, ಶುಕ್ರವಾರ ಮಧ್ಯಾಹ್ನ 12ಕ್ಕೆ, ಭಾನುವಾರ ಗೃಹಪ್ರವೇಶಕ್ಕೆ ಬೀದಿಗೆ ಬೀದಿಯೇ ಹೋಗಿದ್ದಾಗ. ನಮ್ಮ ಬೀದಿಯಲ್ಲಿ ಈಗ ಒಂದು ವ್ಯವಸ್ಥೆ ಇದೆ. ಎದುರುಮನೆ ಅಜ್ಜಿಗೆ ಹೇಗಿದ್ದರೂ ನಿದ್ದೆ ಬರುವುದಿಲ್ಲ. ಅವರು ನಲ್ಲಿ ತೆರೆದೇ ಇಟ್ಟು, ಕೆಳಗೆ ಸ್ಟೀಲ್ ತಟ್ಟೆ ಬೋರಲು ಹಾಕಿ ಮಲಗುತ್ತಾರೆ. ಮೊದಲು ನಲ್ಲಿ ಬುಸ್ ಅನ್ನುತ್ತದೆ, ಆಮೇಲೆ ತಟ್ಟೆ ಟಪಟಪ ಅನ್ನುತ್ತದೆ. ಅಜ್ಜಿ "ಬಂತ್ರೋ!" ಅಂತ ಒಂದು ಕೂಗು ಹಾಕುತ್ತಾರೆ. ಬೀದಿಯೆಲ್ಲ ಲೈಟು ಹೊತ್ತುತ್ತವೆ. ಹೊಸದಾಗಿ ಬಾಡಿಗೆಗೆ ಬಂದವರು ಕಳ್ಳ ಬಂದ ಅಂದುಕೊಂಡು ದೊಣ್ಣೆ ಹಿಡಿದು ಓಡಿ ಬಂದರು. ಮಾರನೇ ದಿನದಿಂದ ಅವರೂ ಬಿಂದಿಗೆ ಹಿಡಿದೇ ಬರುತ್ತಿದ್ದಾರೆ.

ಈ ಬಗ್ಗೆ ನೀರುಗಂಟಿ ಅಣ್ಣನನ್ನು ಕೇಳಿದೆ. ಪಾಪ, ಅವರೊಬ್ಬರೇ ಮೂರು ಬಡಾವಣೆಯ ವಾಲ್ವು ನೋಡಿಕೊಳ್ಳಬೇಕು. "ಟ್ಯಾಂಕ್ ತುಂಬಿದ ಮೇಲೆ ಬಿಡೋದು ಸಾರ್, ಟ್ಯಾಂಕ್ ಯಾವಾಗ ತುಂಬುತ್ತೆ ಅಂತ ಕರೆಂಟ್‌ನವರನ್ನ ಕೇಳಿ" ಅಂದರು. ಕರೆಂಟ್‌ನವರನ್ನು ಕೇಳುವ ಧೈರ್ಯ ನನಗಿಲ್ಲ. ಅವರಿಗೂ ಮೆಸೇಜು ಕಳಿಸಲು ಬರುತ್ತದೆ.

ಇನ್ನು ಬಣ್ಣ. ಸಾಹೇಬರೇ, ನಮ್ಮ ದೂರನ್ನು ತಾವು ಎರಡು ಮಾಡಿದಿರಿ. ಹೊತ್ತಿನ ದೂರು ಒಂದು ಮೇಜಿಗೆ, ಬಣ್ಣದ ದೂರು ಲ್ಯಾಬಿಗೆ. ಲ್ಯಾಬಿನಿಂದ ತಮ್ಮನೊಬ್ಬ ನೀಲಿ ಡಬ್ಬಿ ಹಿಡಿದು ಬಂದ. ಸೋಮವಾರ ಬೆಳಿಗ್ಗೆ 11 ಗಂಟೆ. ನಲ್ಲಿ ತಿರುಗಿಸಿದ, ನೀರಿಲ್ಲ. "ನೀರು ಬಂದಾಗ ಫೋನ್ ಮಾಡಿ" ಅಂದ. ರಾತ್ರಿ 2.40ಕ್ಕೆ ಮಾಡಿದೆ. ಸ್ವಿಚ್ಡ್ ಆಫ್. ಶುಕ್ರವಾರ ಮಧ್ಯಾಹ್ನ ಮತ್ತೆ ಮಾಡಿದೆ, ಬಂದ. ಅಷ್ಟರಲ್ಲಿ ನೀರು ಬಂದು ಮುಕ್ಕಾಲು ಗಂಟೆಯಾಗಿತ್ತು, ನಲ್ಲಿಯಲ್ಲಿ ಗಂಗಾಜಲದಂಥ ನೀರು ಬೀಳುತ್ತಿತ್ತು. ಡಬ್ಬಿ ತುಂಬಿಸಿದ. ರಿಪೋರ್ಟು ಬಂತು: "ಬಣ್ಣವಿಲ್ಲ, ವಾಸನೆಯಿಲ್ಲ, ತೃಪ್ತಿಕರ." ಬಸ್ಸು ಖಾಲಿಯಾದ ಮೇಲೆ ಡಿಪೋಗೆ ಹೋಗಿ ನೋಡಿ, ರಶ್ಶೇ ಇಲ್ಲ ಅಂತ ಬರೆದ ಹಾಗಾಯಿತು.

ಅದಕ್ಕೇ ನಾನೇ ಒಂದು ಕೆಲಸ ಮಾಡಿದೆ. ಭಾನುವಾರ ಗೃಹಪ್ರವೇಶದ ಊಟ ಬಿಟ್ಟು ಮನೆಯಲ್ಲಿ ಕೂತೆ (ಹೋಳಿಗೆ ಇತ್ತಂತೆ, ಈ ನಷ್ಟ ಕಡತದಲ್ಲಿ ದಾಖಲಾಗಲಿ). ನೀರು ಬಂದ ಕ್ಷಣದಿಂದ ಐದೈದು ನಿಮಿಷಕ್ಕೆ ಒಂದು ಬಾಟಲಿ ಹಿಡಿದು, ಮೇಲೆ ಚೀಟಿ ಅಂಟಿಸಿದೆ. ಒಟ್ಟು ಆರು. ಕಾಂಪೌಂಡ್ ಗೋಡೆ ಮೇಲೆ ಸಾಲಾಗಿ ಇಟ್ಟೆ. ಒಂದನೆಯದು ಹಾಲು ಹಾಕದ ಡಿಕಾಕ್ಷನ್. ಎರಡನೆಯದು ಬೆಲ್ಲದ ಪಾನಕ. ಮೂರನೆಯದು ನಿಂಬೆ ಶರಬತ್ತು. ನಾಲ್ಕರಿಂದ ಆಚೆಗೆ ನೀರು. ಪಕ್ಕದ ಮನೆ ಹುಡುಗ ಬಂದು, "ಅಂಕಲ್, ಅಂಗಡಿ ಯಾವಾಗ ಓಪನ್?" ಅಂತ ಕೇಳಿದ.

ಒಂದು ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಒಂದನೇ ಬಾಟಲಿಯ ತಳದಲ್ಲಿ ಬೆರಳಗಲ ಕೆಂಪು ಗಸಿ, ಮೇಲೆ ತಿಳಿನೀರು. ಇದರ ಅರ್ಥ ತಮಗೆ ಗೊತ್ತು, ಆದರೂ ಬರೆಯುತ್ತೇನೆ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಕರಗಿದ್ದರೆ, ಹಿಡಿಯುವಾಗ ತಿಳಿಯಾಗಿದ್ದು ಗಾಳಿ ತಾಗಿದ ಮೇಲೆ ನಿಧಾನಕ್ಕೆ ಕೆಂಪಾಗುತ್ತದೆ. ನಮ್ಮದು ಉಲ್ಟಾ. ಬರುವಾಗಲೇ ಕೆಂಪು, ಇಟ್ಟರೆ ತಿಳಿ. ಅಂದರೆ ಕೆಂಪು ಬಂದದ್ದು ನೆಲದಡಿಯ ನೀರಿನಿಂದಲ್ಲ, ತಮ್ಮ ಹಳೇ ಕಬ್ಬಿಣದ ಪೈಪಿನ ಒಳಮೈಯಿಂದ. ಅದು ತುಕ್ಕು.

ಹೊತ್ತಿನ ದೂರು, ಬಣ್ಣದ ದೂರು ಎರಡೂ ಒಂದೇ ಅಂತ ನಾನು ಹೇಳುವುದು ಇದಕ್ಕೇ. ತಾವು ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರು ತಗ್ಗಿನ ಮನೆಗಳಿಗೆ ಇಳಿದು ಹೋಗುತ್ತದೆ. ಪೈಪು ಖಾಲಿ. ಎರಡು ದಿನ ಒಳಗೆ ಗಾಳಿ, ತೇವ, ತುಕ್ಕು. ಆಮೇಲೆ ರಾತ್ರಿ ನೀರುಗಂಟಿ ಅಣ್ಣ ನಿದ್ದೆಗಣ್ಣಲ್ಲಿ ಬಂದು ಕೀ ಹಾಕಿ ಒಂದೇ ಸಲ ಪೂರ್ತಿ ತಿರುಗಿಸುತ್ತಾರೆ. ನೀರು ಗಾಳಿಯನ್ನು ದಬ್ಬಿಕೊಂಡು, ಪೈಪಿನ ಒಳಗಿನದನ್ನೆಲ್ಲ ಕೆರೆದುಕೊಂಡು ಬರುತ್ತದೆ. ಅಜ್ಜಿಯ ನಲ್ಲಿ ಬುಸ್ ಅನ್ನುವುದು ಆ ಗಾಳಿ. ಎಲ್ಲ ತೊಳೆದು ಹೋಗಿ ನೀರು ತಿಳಿಯಾಗುವ ಹೊತ್ತಿಗೆ ಲ್ಯಾಬಿನ ತಮ್ಮ ಬರುತ್ತಾನೆ.

ತುಕ್ಕಾದರೂ ಪರವಾಗಿಲ್ಲ, ಬಟ್ಟೆ ಕೆಡುತ್ತದೆ, ಅಷ್ಟೆ. ನನ್ನ ಬಿಳಿ ಪಂಚೆ ಈಗ ಕಾವಿಯಾಗಿದೆ. ಬೀದಿಯಲ್ಲಿ ಇಬ್ಬರು ಕಾಲಿಗೆ ಬಿದ್ದರು. ನಿಜವಾದ ಭಯ ಏಳನೇ ಬಾಟಲಿಯದು. ಅದು ಮೂಲೆಮನೆಯದು. ಅಲ್ಲಿ ಪೈಪು ಚರಂಡಿ ದಾಟುತ್ತದೆ. ಅವರ ಮೊದಲ ನೀರು ಕೆಂಪಿಲ್ಲ, ಸ್ವಲ್ಪ ಮಬ್ಬು, ನೋಡಲು ನಮ್ಮದಕ್ಕಿಂತ ಚೆನ್ನಾಗಿದೆ. ಮುಚ್ಚಳ ತೆಗೆದರೆ ಮಾತ್ರ ಮೂಗು ಮುಚ್ಚಿಕೊಳ್ಳಬೇಕು. ಪೈಪು ಖಾಲಿಯಾಗುವಾಗ ಒಳಗೆ ಎಳೆತ ಹುಟ್ಟುತ್ತದೆ. ಜಾಯಿಂಟು ಸಡಿಲವಿದ್ದ ಕಡೆ, ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ, ಅಕ್ಕಪಕ್ಕ ಇರುವುದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅಕ್ಕಪಕ್ಕ ಇರುವುದು ಚರಂಡಿ.

ಇಲ್ಲಿ ಒಂದು ತಪ್ಪೊಪ್ಪಿಗೆ. ಆ ಎಳೆತಕ್ಕೆ ನಾವೂ ಕೈ ಹಾಕಿದ್ದೇವೆ. ನೀರು ಬಂದ ತಕ್ಷಣ ನಲ್ಲಿ ಲೈನಿಗೇ ಮರಿ ಮೋಟಾರು ಹಚ್ಚುವ ಮನೆಗಳು ನಮ್ಮ ಬೀದಿಯಲ್ಲಿ ಒಂಬತ್ತು. ಒಂಬತ್ತನೆಯದು ನಮ್ಮದು. ತಪ್ಪು ಅಂತ ಗೊತ್ತು, ದಂಡವಿದೆ ಅಂತಲೂ ಗೊತ್ತು. ಆದರೆ ರಾತ್ರಿ 2.40ಕ್ಕೆ, ಎಷ್ಟು ಹೊತ್ತು ಇರುತ್ತದೋ ಗೊತ್ತಿಲ್ಲದ ನೀರಿನ ಮುಂದೆ ನಿಂತವನು ಕಾನೂನು ಓದುವುದಿಲ್ಲ. ಹೇಳಿದ ಹೊತ್ತಿಗೆ ಒಂದು ತಿಂಗಳು ನೀರು ಬಿಡಿ, ಮೋಟಾರು ನಾನೇ ಬಿಚ್ಚಿ ತಂದು ತಮ್ಮ ಮೇಜಿನ ಮೇಲಿಡುತ್ತೇನೆ.

ಏಳನೇ ಬಾಟಲಿಗೆ ಕ್ಲೋರಿನ್ ನೋಡುವ ಹನಿ ಹಾಕಿದೆ. ಶಾಲೆಯ ವಿಜ್ಞಾನದ ಮೇಷ್ಟ್ರು ಕೊಟ್ಟದ್ದು. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನಮ್ಮ ಆರನೇ ಬಾಟಲಿ ತೆಳು ಹಳದಿ ತಿರುಗಿತು, ಸಂತೋಷ. ಅಂದರೆ ತಾವು ಟ್ಯಾಂಕಿನಲ್ಲಿ ಕ್ಲೋರಿನ್ ಹಾಕುತ್ತಿದ್ದೀರಿ, ಸುಳ್ಳು ಹೇಳಬಾರದು. ಮೂಲೆಮನೆಯದು ಹಾಗೇ ಇತ್ತು, ಒಂದು ಚೂರೂ ಹಳದಿಯಿಲ್ಲ. ಹಾಕಿದ ಕ್ಲೋರಿನ್ ಎಲ್ಲ ಒಳಗೆ ಸೇರಿದ ಕೊಳೆಯ ಜೊತೆ ಗುದ್ದಾಡಿ ಮುಗಿದು ಹೋಗಿದೆ. ನಮ್ಮ ಒಂದನೇ ಬಾಟಲಿಗೆ ಹನಿ ಹಾಕಲಿಲ್ಲ. ಮೊದಲೇ ಬಣ್ಣದಲ್ಲಿ ಮುಳುಗಿರುವುದಕ್ಕೆ ಹಾಕಿದರೆ, ಅರಿಶಿನಕ್ಕೆ ಅರಿಶಿನ ಬಳಿದ ಹಾಗೆ, ಏನೂ ಗೊತ್ತಾಗುವುದಿಲ್ಲ.

ಇದೇನು ನಾನು ಕಂಡುಹಿಡಿದದ್ದಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಕೊಡಲು ಶುರು ಮಾಡಿದರಲ್ವಾ, ಆಮೇಲೆ ಸಂಶೋಧಕರು ಅಲ್ಲಿನ ನೀರನ್ನೂ, ಬಿಟ್ಟು ಬಿಟ್ಟು ಬರುವ ವಾರ್ಡುಗಳ ನೀರನ್ನೂ ಹೋಲಿಸಿ ನೋಡಿದರು. ಮೂಲ ಒಂದೇ, ಊರೂ ಒಂದೇ. ಬಿಟ್ಟು ಬಿಟ್ಟು ಬರುವ ಕಡೆ ನಲ್ಲಿ ನೀರಿನಲ್ಲಿ ಮಲದ ಗುರುತು ಹೇಳುವ ಬ್ಯಾಕ್ಟೀರಿಯಾ ಎಷ್ಟೋ ಜಾಸ್ತಿ ಸಿಕ್ಕಿತು. ಅದರಲ್ಲೂ ನೀರು ಬಿಟ್ಟ ಮೊದಲ ಹೊತ್ತಿನಲ್ಲಿ. ಅಂದರೆ ನಮ್ಮ ಅಜ್ಜಿ "ಬಂತ್ರೋ" ಅನ್ನುವ ಹೊತ್ತಿನಲ್ಲಿ.

24 ಗಂಟೆ ನಾವು ಕೇಳುತ್ತಿಲ್ಲ. ಅಷ್ಟು ಆಸೆಯಿಲ್ಲ. ಬೋರ್ಡಿನ ಮೇಲೆ ತಾವೇ ಬರೆದ ಬೆಳಿಗ್ಗೆ 6ರಿಂದ 7 ಸಾಕು. ವಾಲ್ವನ್ನು ಕಾಲು ಭಾಗ ತಿರುಗಿಸಿ, ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಆಮೇಲೆ ಪೂರ್ತಿ ತಿರುಗಿಸಲು ಹೇಳಿ. ಬೀದಿಯ ಕೊನೆಯಲ್ಲಿ ಪೈಪು ತೊಳೆಯಲೆಂದೇ ಇಟ್ಟ ವಾಶ್‌ಔಟ್ ವಾಲ್ವೊಂದಿದೆ, ಅದರ ಮೇಲೆ ಈಗ ಒಂದು ಪಾನಿಪೂರಿ ಗಾಡಿ ನಿಂತಿದೆ. ಗಾಡಿಯವನು ಒಳ್ಳೆಯವನು, ಕೇಳಿದರೆ ಸರಿಯುತ್ತಾನೆ. ಮೂಲೆಮನೆಯ ಜಾಯಿಂಟನ್ನು ಅಗೆದು ನೋಡಬೇಕು. ಮತ್ತು ಲ್ಯಾಬಿನ ತಮ್ಮನನ್ನು ನೀರು ಬರುವ ಮುಂಚೆ ಕಳಿಸಿ. ರಾತ್ರಿಯಾದರೆ ನಮ್ಮ ಮನೆಯಲ್ಲೇ ಮಲಗಲಿ, ಅಜ್ಜಿ ಎಬ್ಬಿಸುತ್ತಾರೆ.

ಈ ಅರ್ಜಿಯನ್ನು ಬಾಟಲಿಗಳ ಸಮೇತ ಇವತ್ತು ತಮ್ಮ ಟಪಾಲು ವಿಭಾಗಕ್ಕೆ ತಂದಿದ್ದೆ. ಗುಮಾಸ್ತರು ಕಾಗದಕ್ಕೆ ಸೀಲು ಒತ್ತಿದರು. ಬಾಟಲಿಗೆ ಒತ್ತಲು ಒಪ್ಪಲಿಲ್ಲ. "ದ್ರವ ರೂಪದ ಅಡಕಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಸಾರ್" ಅಂದರು. ಹೊಸ ಕಾಲಂ ಎಳೆಯಲು ಸ್ಕೇಲು ನಾನೇ ಕೊಟ್ಟು ಬಂದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮೂರನೇ ಅಡ್ಡರಸ್ತೆಯ ಕಾವಿ ಪಂಚೆಯವನು

ಅಡಕ: ಬಾಟಲಿ 7. ಒಂದನೆಯದನ್ನು ಅಲುಗಾಡಿಸಿ ನೋಡಿ. ಏಳನೆಯದನ್ನು ಊಟಕ್ಕೆ ಮುಂಚೆ ತೆರೆಯಬೇಡಿ. ಐದನೆಯದನ್ನು ದಯವಿಟ್ಟು ವಾಪಸ್ ಕಳಿಸಿ, ಮನೆಯಲ್ಲಿ ಕುಡಿಯುವ ನೀರು ಅಷ್ಟೇ ಇರುವುದು.